‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದರೆ ಯಾವ ತಾರೀಕಿಗೆ?

ಲಂಡನ್ನಿನ ಕ್ರಾಸ್‌ರೈಲ್ ಯೋಜನೆಯಲ್ಲಿ ನಗರದ ಅಡಿಯ ಸುರಂಗದೊಳಗೆ ರೈಲು ಓಡಬೇಕಿದ್ದುದು 2018ರ ಡಿಸೆಂಬರ್‌ನಲ್ಲಿ. ಆ ವರ್ಷದ ಬೇಸಿಗೆಯವರೆಗೂ ಹೊರಗೆ ಹೇಳುತ್ತಿದ್ದುದು ಒಂದೇ ಮಾತು: ಕೆಲಸ ಶೇ 90ಕ್ಕೂ ಹೆಚ್ಚು ಮುಗಿದಿದೆ, ಡಿಸೆಂಬರ್‌ಗೆ ರೈಲು ಓಡುತ್ತದೆ. ಆಗಸ್ಟ್ 31ರಂದು ಹೊಸ ಪ್ರಕಟಣೆ ಬಂತು. ಉದ್ಘಾಟನೆ ಮುಂದಿನ ವರ್ಷದ ಶರತ್ಕಾಲಕ್ಕೆ ಹೋಗಿತ್ತು. ಕೊನೆಗೆ ಆ ಮಾರ್ಗ ಜನರಿಗೆ ತೆರೆದದ್ದು 2022ರ ಮೇ 24ರಂದು. ಮೂರೂವರೆ ವರ್ಷ ತಡವಾಗಲಿದ್ದ ಕೆಲಸಕ್ಕೆ ಗಡುವಿನ ನಾಲ್ಕು ತಿಂಗಳ ಮೊದಲಿನವರೆಗೂ ‘ಎಲ್ಲ ಸರಿಯಾಗಿದೆ’ ಎಂಬ ವರದಿಯೇ ಇತ್ತು.

ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರ ಮೇ ತಿಂಗಳಲ್ಲಿ ಇದನ್ನು ಬಿಡಿಸಿ ನೋಡಿತು. ಮೇಲ್ನೋಟಕ್ಕೆ ಕಾರಣವೊಂದು ಸಿದ್ಧವಾಗಿಯೇ ಇತ್ತು. 2017ರ ನವೆಂಬರ್‌ನಲ್ಲಿ ಪುಡಿಂಗ್ ಮಿಲ್ ಲೇನ್ ಎಂಬಲ್ಲಿ ವಿದ್ಯುತ್ ಉಪಕರಣ ಸ್ಫೋಟಗೊಂಡು, ಮಾರ್ಗಕ್ಕೆ ವಿದ್ಯುತ್ ಹರಿಸುವ ಕೆಲಸ ಕೆಲವು ತಿಂಗಳು ಹಿಂದೆ ಬಿದ್ದಿತ್ತು. ಅದು ನಿಜವಾದ ಘಟನೆಯೇ. ಆದರೆ ಪರಿಶೋಧಕರು ಅಲ್ಲಿಗೆ ನಿಲ್ಲಲಿಲ್ಲ. ಉದ್ಘಾಟನೆಯ ತಾರೀಕನ್ನು ಕದಲಿಸಲು ಯಾರಿಗೂ ಮನಸ್ಸಿರಲಿಲ್ಲ. ಅದಕ್ಕಾಗಿ ಒಂದರ ನಂತರ ಒಂದು ಆಗಬೇಕಿದ್ದ ಕಟ್ಟಡ ಕೆಲಸ ಮತ್ತು ರೈಲಿನ ಪರೀಕ್ಷೆಗಳನ್ನು ಒಟ್ಟಿಗೇ ತುರುಕಲಾಗಿತ್ತು. ಹಾಗಾಗಿ ಸಣ್ಣ ಅಡಚಣೆಯನ್ನೂ ತಾಳಿಕೊಳ್ಳುವ ಬಿಡುವು ಯೋಜನೆಯಲ್ಲಿ ಉಳಿದಿರಲಿಲ್ಲ. ಸ್ಫೋಟವಾಯಿತು ಎನ್ನುವುದು ಒಂದು ವಾಕ್ಯ. ಸ್ಫೋಟವೊಂದಕ್ಕೆ ಇಡೀ ಯೋಜನೆ ಏಕೆ ಕುಸಿಯಿತು ಎನ್ನುವುದು ಬೇರೆಯೇ ವಾಕ್ಯ. ರಕ್ಷಣಾತ್ಮಕವಾಗಿ ಬರೆದ ವರದಿಗಳು ಸಾಮಾನ್ಯವಾಗಿ ಮೊದಲನೆಯದರಲ್ಲೇ ಮುಗಿದುಹೋಗುತ್ತವೆ.

ಶೇಕಡಾವಾರು ಅಂಕಿ ಎಷ್ಟು ಮರೆಮಾಚಬಲ್ಲದು ಎಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗದ ಕಂಬ, ಸೇತುವೆ, ನಿಲ್ದಾಣಗಳು ಬಹುತೇಕ ಸಿದ್ಧವಾದ ಮೇಲೂ ರೈಲುಗಳೇ ಇರಲಿಲ್ಲ. ಬೋಗಿಗಳ ಗುತ್ತಿಗೆ ಪಡೆದ ಚೀನಾ ಕಂಪನಿ ಭಾರತದಲ್ಲಿ ಕಾರ್ಖಾನೆ ಕಟ್ಟಲಾಗದೆ, ಕೊನೆಗೆ ಪಶ್ಚಿಮ ಬಂಗಾಳದ ಟೀಟಾಗಢ ಕಂಪನಿಯ ಜೊತೆ ಸೇರಿ ಬೋಗಿ ತಯಾರಿಸಬೇಕಾಯಿತು. 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಓಡಿಸಲು ಇದ್ದದ್ದು ಮೂರು ರೈಲು. 25 ನಿಮಿಷಕ್ಕೊಂದರಂತೆ ಅವೇ ಓಡಾಡಿದವು. ಕಾಂಕ್ರೀಟಿನ ಲೆಕ್ಕದಲ್ಲಿ ಶೇ 99 ಆಗಿದ್ದರೂ ಪ್ರಯಾಣಿಕನ ಲೆಕ್ಕದಲ್ಲಿ ಅದು ಸೊನ್ನೆಯೇ.

ಇಂಥ ದೊಡ್ಡ ಯೋಜನೆಗಳನ್ನು ಬದಿಗಿಟ್ಟು, ತಾಲ್ಲೂಕು ಮಟ್ಟದ ಕಡತವೊಂದನ್ನು ಕಲ್ಪಿಸಿಕೊಂಡು ಬಿಡಿಸಿ ನೋಡಬಹುದು. ಒಂದು ಹಳ್ಳಿಯ ಕುಡಿಯುವ ನೀರಿನ ಕಾಮಗಾರಿ: 50 ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್, ಪೈಪ್‌ಲೈನ್, 312 ಮನೆಗಳಿಗೆ ನಳ. ಕೆಲಸ ಆಗಸ್ಟ್ 1ರಂದು ಶುರುವಾಗಿದೆ, ಗಡುವು ಮಾರ್ಚ್ 31. ಫೆಬ್ರುವರಿ 10ರ ಕೆಡಿಪಿ ಸಭೆಗೆ ಸಹಾಯಕ ಎಂಜಿನಿಯರ್ ಕೊಟ್ಟ ವರದಿ ಹೀಗಿದೆ:

“ಸದರಿ ಕಾಮಗಾರಿಯು ಪ್ರಗತಿಯಲ್ಲಿದ್ದು, ಶೇ 85ರಷ್ಟು ಭೌತಿಕ ಪ್ರಗತಿ ಸಾಧಿಸಲಾಗಿದೆ. ಅಕಾಲಿಕ ಮಳೆ, ಕಾರ್ಮಿಕರ ಅಲಭ್ಯತೆ ಹಾಗೂ ಲೋಕೋಪಯೋಗಿ ಇಲಾಖೆಯ ಅನುಮತಿ ವಿಳಂಬದಿಂದಾಗಿ ಅಲ್ಪ ಹಿನ್ನಡೆಯಾಗಿರುತ್ತದೆ. ಗುತ್ತಿಗೆದಾರರಿಗೆ ಸೂಕ್ತ ನಿರ್ದೇಶನ ನೀಡಲಾಗಿದ್ದು, ಕಾಮಗಾರಿಯನ್ನು ಚುರುಕುಗೊಳಿಸಿ ಶೀಘ್ರ ಪೂರ್ಣಗೊಳಿಸಲು ಕ್ರಮ ವಹಿಸಲಾಗಿದೆ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಮಳೆ ಬಂದಿತ್ತು, ಕೂಲಿಯವರು ಊರಿಗೆ ಹೋಗಿದ್ದರು, ಅನುಮತಿ ಇನ್ನೂ ಬಂದಿಲ್ಲ. ಆದರೂ ಸಭೆಯಲ್ಲಿ ಕುಳಿತವರಿಗೆ ಬೇಕಾದ ಎರಡು ವಿಷಯ ಇದರಲ್ಲಿ ಸಿಗುವುದಿಲ್ಲ. ನೀರು ಯಾವ ತಾರೀಕಿಗೆ ಬರುತ್ತದೆ? ಅದಕ್ಕಾಗಿ ಇವತ್ತು ಯಾರು ಏನು ಮಾಡಬೇಕು?

ಶೇ 85 ಎಂಬುದರಿಂದಲೇ ಶುರುಮಾಡೋಣ. ಪೈಪ್ 8.2 ಕಿ.ಮೀ. ಪೈಕಿ 7 ಕಿ.ಮೀ. ಆಗಿದೆ, ಟ್ಯಾಂಕಿನ ಕಾಂಕ್ರೀಟ್ ಮುಗಿದಿದೆ, 240 ಮನೆಗೆ ನಳ ಕೂತಿದೆ. ಇವೆಲ್ಲ ಸೇರಿ ಶೇ 85. ಆದರೆ ಕೊಳವೆಬಾವಿ ಇರುವುದು ರಾಜ್ಯ ಹೆದ್ದಾರಿಯ ಆಚೆ, ಟ್ಯಾಂಕ್ ಇರುವುದು ಈಚೆ. ರಸ್ತೆಯ ಅಡಿಯಲ್ಲಿ ಕೊರೆದು ಪೈಪ್ ದಾಟಿಸುವ ತನಕ ಒಂದು ಹನಿ ನೀರೂ ಈಚೆಗೆ ಬರುವುದಿಲ್ಲ. ಬಾಕಿ ಇರುವ ಶೇ 15ರ ಇಡೀ ಗಂಟು ಅಲ್ಲೇ ಇದೆ. ಆದ್ದರಿಂದ ವರದಿಯ ಮೊದಲ ಸಾಲು ಮುಗಿದದ್ದನ್ನು ಎಣಿಸುವ ಬದಲು ಉಳಿದದ್ದನ್ನು ದಿನಗಳಲ್ಲಿ ಹೇಳಬೇಕು. ಅನುಮತಿ ಸಿಕ್ಕಿದ ಮೇಲೆ ಕೊರೆಯಲು 10 ದಿನ, ಜೋಡಿಸಿ ಒತ್ತಡ ಪರೀಕ್ಷೆ ಮಾಡಲು 8 ದಿನ, ಟ್ಯಾಂಕಿಗೆ ನೀರು ತುಂಬಿಸಿ ಸೋರಿಕೆ ನೋಡಲು 14 ದಿನ, ಪೈಪ್ ತೊಳೆದು ಮನೆಗಳಿಗೆ ಬಿಡಲು 7 ದಿನ. ಫೆಬ್ರುವರಿ 28ಕ್ಕೆ ಅನುಮತಿ ಬಂದರೆ ನೀರು ಏಪ್ರಿಲ್ 8ಕ್ಕೆ, ಮಾರ್ಚ್ 15ಕ್ಕೆ ಬಂದರೆ ಏಪ್ರಿಲ್ 23ಕ್ಕೆ. ಹಾಗೆಂದರೆ ‘ಅಲ್ಪ ಹಿನ್ನಡೆ’ ಎಂಬ ಮಾತಿನ ನಿಜವಾದ ಅಳತೆ ಎಂಟರಿಂದ ಇಪ್ಪತ್ತಮೂರು ದಿನ.

ಒಂದೇ ತಾರೀಕು ಕೊಡದೆ ಎರಡರ ನಡುವಿನ ಅವಧಿ ಕೊಡುವುದು ನುಣುಚಿಕೊಳ್ಳುವ ದಾರಿಯಂತೆ ಕಾಣಬಹುದು. ಯಾವ ಸಂಗತಿಯಿಂದ ಯಾವ ತಾರೀಕು ಎಂದು ಜೊತೆಗೆ ಹೇಳಿದರೆ ಆ ಅನುಮಾನ ಉಳಿಯುವುದಿಲ್ಲ. 2018ರ ಕೊನೆಗೆ ಕ್ರಾಸ್‌ರೈಲ್ ವಹಿಸಿಕೊಂಡ ಮಾರ್ಕ್ ವೈಲ್ಡ್ ಅವರ ತಂಡ ಮುಂದಿನ ಏಪ್ರಿಲ್‌ನಲ್ಲಿ ಕೊಟ್ಟದ್ದೂ ಇಂಥದ್ದೇ ಒಂದು ಅವಧಿ: 2020ರ ಅಕ್ಟೋಬರ್‌ನಿಂದ 2021ರ ಮಾರ್ಚ್. ಅದೂ ತಪ್ಪಿತು ಎನ್ನುವುದನ್ನು ಇಲ್ಲಿ ಬಚ್ಚಿಡಬಾರದು. ಅನಿಶ್ಚಿತತೆಯನ್ನು ಒಪ್ಪಿಕೊಂಡ ಮಾತ್ರಕ್ಕೆ ಅಂದಾಜು ಸರಿಯಾಗಿಬಿಡುವುದಿಲ್ಲ.

ಇನ್ನು ಕಾರಣಗಳು. ಮೂರು ಕಾರಣಗಳಲ್ಲಿ ಮೊದಲೆರಡನ್ನು ಸಲೀಸಾಗಿ ಹೊಡೆದುಹಾಕಬಹುದು. ಮಳೆ ಬಿದ್ದದ್ದು ಅಕ್ಟೋಬರ್‌ನಲ್ಲಿ ಮೂರು ದಿನ. ಕೂಲಿಯವರು ಇಲ್ಲದಾಗ ನಿಂತದ್ದು ಮನೆ ನಳದ ಕೆಲಸ, ಅದನ್ನು ಈಗಲೂ ಮುಗಿಸಿಕೊಳ್ಳಬಹುದು. ಎರಡರಿಂದಲೂ ನೀರು ಬರುವ ತಾರೀಕು ಒಂದು ದಿನವೂ ಮುಂದೆ ಹೋಗಿಲ್ಲ. ಕಾರಣವನ್ನು ಪರೀಕ್ಷಿಸುವ ಒರೆಗಲ್ಲು ಇದೇ: ಇದು ಇಲ್ಲದಿದ್ದರೆ ಕೊನೆಯ ತಾರೀಕು ಬದಲಾಗುತ್ತಿತ್ತೇ? ಇಲ್ಲವೆಂದಾದರೆ ಅದಕ್ಕೆ ವರದಿಯಲ್ಲಿ ಜಾಗವಿಲ್ಲ. ಕಾರಣಗಳ ಪಟ್ಟಿ ಉದ್ದವಾದಷ್ಟೂ ಓದುವವರಿಗೆ ಅನುಮಾನ ಬರುವುದು ಸಹಜ.

ಉಳಿದದ್ದು ಅನುಮತಿ. ಲೋಕೋಪಯೋಗಿ ಇಲಾಖೆ ತಡಮಾಡಿತು ಎಂದು ಬರೆಯುವ ಮೊದಲು ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಬೇಕು. ಅಂದಾಜುಪಟ್ಟಿಯಲ್ಲಿ ರಸ್ತೆ ದಾಟುವ ಕೆಲಸವೇ ಬಿಟ್ಟುಹೋಗಿತ್ತು. ಅದು ಗಮನಕ್ಕೆ ಬಂದು ಅರ್ಜಿ ಹೋದದ್ದು ಡಿಸೆಂಬರ್ 5ಕ್ಕೆ, ಅಂದರೆ ಕೆಲಸ ಶುರುವಾಗಿ ನಾಲ್ಕು ತಿಂಗಳ ಮೇಲೆ. ಜೊತೆಗೆ ನಕ್ಷೆ ಇರಲಿಲ್ಲವೆಂದು ಅರ್ಜಿ ವಾಪಸ್ ಬಂತು. ನಕ್ಷೆ ಸೇರಿಸಿ ಮತ್ತೆ ಕಳಿಸಿದ್ದು ಜನವರಿ 12ಕ್ಕೆ. ಲೋಕೋಪಯೋಗಿಯವರ ಮೇಜಿನ ಮೇಲೆ ಪೂರ್ಣ ಅರ್ಜಿ ಇದ್ದದ್ದು ಇಲ್ಲಿಯವರೆಗೆ 29 ದಿನ. ಅದಕ್ಕೂ ಮೊದಲು ಐದು ತಿಂಗಳಿಗಿಂತ ಹೆಚ್ಚು ಹೋದದ್ದು ನೀರಿನ ವಿಭಾಗದ ಕೈಯಲ್ಲೇ.

ಇದನ್ನು ಬರೆಯಲು ಎಂಜಿನಿಯರ್ ಹಿಂಜರಿಯುವುದು ಸುಮ್ಮನೆ ಅಲ್ಲ. ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸುವ ರೂಢಿ ಎಲ್ಲರಿಗೂ ಗೊತ್ತು. ಗುತ್ತಿಗೆಯಲ್ಲಿ ದಂಡದ ಕಲಮು ಇರುತ್ತದೆ. ‘ನಮ್ಮ ತಪ್ಪು’ ಎಂದು ಬರೆದುಕೊಟ್ಟ ಕಾಗದವನ್ನು ಗುತ್ತಿಗೆದಾರ ನಾಳೆ ಅವಧಿ ವಿಸ್ತರಣೆಗೂ ಪರಿಹಾರಕ್ಕೂ ಬಳಸಬಹುದು. ಅದಕ್ಕೇ ಪ್ರಾಮಾಣಿಕ ವರದಿಯಲ್ಲಿ ತಪ್ಪೊಪ್ಪಿಗೆ ಬೇಕಿಲ್ಲ, ಬೈಗುಳವೂ ಬೇಕಿಲ್ಲ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಕಡತ ಯಾವ ಕಚೇರಿಯಲ್ಲಿತ್ತು ಎಂದಷ್ಟೇ ಬರೆದರೆ ಸಾಕು. ಯಾರ ಮೇಲೆ ಕ್ರಮ ಎಂಬುದಕ್ಕೆ ಬೇರೆ ಕಡತ ಇದೆ.

ಇದೇ ರೋಗ ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದೆ. ಅಲ್ಲಿ ವರದಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುತ್ತಾರೆ. ಹೊರಗೆ ಹಸಿರು, ಒಳಗೆ ಕೆಂಪು ಇರುವುದನ್ನು ಕಲ್ಲಂಗಡಿ ವರದಿ ಎಂದು ನಗುತ್ತಲೇ ಮುಂದಿನ ವಾರವೂ ಹಸಿರೇ ಹಚ್ಚುತ್ತಾರೆ.

ಹೆಚ್ಚು ಪೊಳ್ಳು ತುಂಬಿಕೊಳ್ಳುವುದು ಪರಿಹಾರದ ಸಾಲಿನಲ್ಲಿ. ‘ಕಾಮಗಾರಿ ಚುರುಕುಗೊಳಿಸಿ’ ಎಂದರೆ ಇಲ್ಲಿ ಏನು ಮಾಡಿದಂತಾಯಿತು? ಇನ್ನೂ ಹತ್ತು ಜನ ಕೂಲಿಯವರನ್ನು ತಂದರೂ ಅನುಮತಿ ಬೇಗ ಬರುವುದಿಲ್ಲ. ಪರಿಹಾರ ಕಾರಣವನ್ನು ಮುಟ್ಟಬೇಕು, ಇಲ್ಲವೇ ಆ ಕಾರಣದಿಂದ ಕಾಯುತ್ತಿರುವ ಬೇರೊಂದು ಕೆಲಸವನ್ನು ಬಿಡಿಸಬೇಕು. ಟ್ಯಾಂಕಿನ ಸೋರಿಕೆ ಪರೀಕ್ಷೆ ಅಂಥದ್ದು. ಅದಕ್ಕೆ ಬೇಕಾಗಿರುವುದು ನೀರು, ಆ ನೀರು ಪೈಪಿನಲ್ಲೇ ಬರಬೇಕೆಂದಿಲ್ಲ. ಕಾಂಕ್ರೀಟಿಗೆ 28 ದಿನ ತುಂಬುವುದು ಫೆಬ್ರುವರಿ 25ಕ್ಕೆ. ಮರುದಿನವೇ 5 ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಲ ಬಂದರೆ ಪರೀಕ್ಷೆ ಮಾರ್ಚ್ 11ಕ್ಕೆ ಮುಗಿಯುತ್ತದೆ. ರಸ್ತೆಯ ಕೆಲಸದ ಜೊತೆಜೊತೆಗೇ ನಡೆಯುವುದರಿಂದ ಆ 14 ದಿನ ಪೂರಾ ಉಳಿಯುತ್ತದೆ. ಎರಡು ಕೆಲಸ ಒಟ್ಟಿಗೆ ನಡೆಸಿಯೇ ಕ್ರಾಸ್‌ರೈಲ್ ಕೆಟ್ಟದ್ದು ನಿಜ. ಆದರೆ ಅಲ್ಲಿ ಕಟ್ಟುವ ಕೆಲಸವೂ ಪರೀಕ್ಷೆಯೂ ಒಂದೇ ಸುರಂಗಕ್ಕೆ ಕಾದಾಡುತ್ತಿದ್ದವು. ಇಲ್ಲಿ ಟ್ಯಾಂಕಿಗೂ ರಸ್ತೆಗೂ ಜಗಳವಿಲ್ಲ.

ಈಗ ವರದಿ ಹೀಗಾಗುತ್ತದೆ:

“ಗಡುವು ಮಾರ್ಚ್ 31. ಈಗಿನ ಅಂದಾಜು ಮಾರ್ಚ್ 25ರಿಂದ ಏಪ್ರಿಲ್ 9. ರಸ್ತೆ ಕೊರೆಯುವ ಅನುಮತಿ ಫೆಬ್ರುವರಿ 28ಕ್ಕೆ ಬಂದರೆ ಮೊದಲನೆಯದು, ಮಾರ್ಚ್ 15ಕ್ಕೆ ಬಂದರೆ ಎರಡನೆಯದು. ಗಡುವು ಉಳಿಯಲು ಮಾರ್ಚ್ 6ರೊಳಗೆ ಅನುಮತಿ ಬೇಕು. ರಸ್ತೆ ದಾಟುವಿಕೆ ಅಂದಾಜುಪಟ್ಟಿಯಲ್ಲಿ ಸೇರಿರಲಿಲ್ಲ. ಅರ್ಜಿ ಸಲ್ಲಿಸಿದ್ದು ಡಿಸೆಂಬರ್ 5, ನಕ್ಷೆ ಇಲ್ಲದೆ ಹಿಂದಿರುಗಿ ಮರುಸಲ್ಲಿಕೆ ಜನವರಿ 12. ಸೋರಿಕೆ ಪರೀಕ್ಷೆಯನ್ನು ಟ್ಯಾಂಕರ್ ನೀರಿನಿಂದ ಫೆಬ್ರುವರಿ 26ಕ್ಕೆ ಶುರುಮಾಡುತ್ತೇವೆ. ಸೋರಿಕೆ ಕಂಡರೆ ಈ ಅಂದಾಜು ನಿಲ್ಲುವುದಿಲ್ಲ. ಲೋಕೋಪಯೋಗಿ ವಿಭಾಗದೊಂದಿಗೆ ಜಂಟಿ ಸ್ಥಳ ಪರಿಶೀಲನೆಗೆ ಈ ಸಭೆಯಲ್ಲಿ ದಿನ ಗೊತ್ತುಮಾಡಿಕೊಡಬೇಕು.”

ಹಳೆಯದಕ್ಕಿಂತ ಉದ್ದ ಹೆಚ್ಚಾಗಿದೆ. ಆದರೆ ಸಭೆಯಲ್ಲಿ ಚರ್ಚೆಗೆ ಉಳಿಯುವುದು ಒಂದೇ ಪ್ರಶ್ನೆ: ಮಾರ್ಚ್ 6. ಅಧ್ಯಕ್ಷರ ಎದುರಿಗೇ ಲೋಕೋಪಯೋಗಿ ಅಧಿಕಾರಿಯೂ ಕುಳಿತಿರುತ್ತಾರೆ.

ಮುಂದಿನ ತಿಂಗಳ ವರದಿ ಈ ತಿಂಗಳದ್ದನ್ನು ಪಕ್ಕದಲ್ಲಿಟ್ಟುಕೊಂಡೇ ಶುರುವಾಗಬೇಕು: ಮೂಲ ಗಡುವು, ಕಳೆದ ಸಲ ಹೇಳಿದ ತಾರೀಕು, ಈಗಿನ ತಾರೀಕು. ಅನುಮತಿ ಮಾರ್ಚ್ 4ಕ್ಕೆ ಬಂತು ಎನ್ನಿ. ಲೆಕ್ಕದ ಪ್ರಕಾರ ನೀರು 29ಕ್ಕೆ ಬರಬೇಕು. ಆದರೆ ಮಾರ್ಚ್ 5ರಂದು ಟ್ಯಾಂಕಿನ ಗೋಡೆಯಲ್ಲಿ ತೇವ ಕಂಡಿತು. ದುರಸ್ತಿ 16ರವರೆಗೆ, ಮರುಪರೀಕ್ಷೆ 30ರವರೆಗೆ, ಮನೆಗಳಿಗೆ ನೀರು ಏಪ್ರಿಲ್ 6ಕ್ಕೆ. ಗಡುವು ಆರು ದಿನ ತಪ್ಪುತ್ತದೆ ಎಂದು ಮಾರ್ಚ್ 10ರ ಸಭೆಗೇ ಗೊತ್ತಾಗುತ್ತದೆ. ಟ್ಯಾಂಕನ್ನು ಬಿಟ್ಟು ಪಂಪಿನಿಂದ ನೇರವಾಗಿ ನಳಗಳಿಗೆ ದಿನಕ್ಕೆ ಇಷ್ಟು ಹೊತ್ತು ನೀರು ಬಿಡೋಣವೇ, ಏಪ್ರಿಲ್ 6ರವರೆಗೆ ಈಗಿನ ಕೈಪಂಪಿನಲ್ಲೇ ಸಾಗಿಸೋಣವೇ ಎಂದು ತೀರ್ಮಾನಿಸಲು ಆಗ ಇನ್ನೂ ಮೂರು ವಾರ ಕೈಯಲ್ಲಿರುತ್ತದೆ.