ಮೇಲಧಿಕಾರಿ ಬರುತ್ತಾರೆ, ಆದರೆ ಕೇಳುತ್ತಿರುವವರು ಯಾರು?

ಜಪಾನಿ ಕಲಿಯುವವರ ಅಭ್ಯಾಸ ಪುಸ್ತಕಗಳಲ್ಲಿ ಇಂಥದ್ದೊಂದು ವಾಕ್ಯ ಸಿಗುತ್ತದೆ: ‘ವಿಭಾಗದ ಮುಖ್ಯಸ್ಥ ತನಕಾ ಮೂರು ಗಂಟೆಗೆ ಬರುತ್ತಾರೆ.’ ಇದನ್ನು ಕಚೇರಿಯ ಮರ್ಯಾದೆಯ ಭಾಷೆಗೆ ತಿರುಗಿಸಬೇಕು. ‘ಬರುತ್ತಾರೆ’ ಎಂಬುದಕ್ಕೆ ಸಾದಾ ರೂಪ ‘ಕಿಮಾಸು’. ಗೌರವದ ರೂಪ ‘ಇರಾಶ್ಶೈಮಾಸು’, ವಿನಯದ ರೂಪ ‘ಮೈರಿಮಾಸು’. ಮುಖ್ಯಸ್ಥರೆಂದ ಮೇಲೆ ಗೌರವ ರೂಪವೇ ಸರಿ ಎಂದು ಅನೇಕರು ಬರೆದುಬಿಡುತ್ತಾರೆ.

ಸಹೋದ್ಯೋಗಿಗೆ ಹೇಳುವಾಗ ಅದು ಸರಿಯೇ: ‘ತನಕಾ ಬುಚೋ ವಾ ಸಾನ್‌ಜಿ ನಿ ಇರಾಶ್ಶೈಮಾಸು.’ ಫೋನಿನ ಆ ತುದಿಯಲ್ಲಿ ಗ್ರಾಹಕರಿದ್ದರೆ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಆಗ ‘ತನಕಾ ವಾ ಸಾನ್‌ಜಿ ನಿ ಮೈರಿಮಾಸು’ ಎನ್ನಬೇಕು. ಹೆಸರಿನ ಹಿಂದಿದ್ದ ‘ಬುಚೋ’ ಎಂಬ ಹುದ್ದೆಯೂ ಬಿದ್ದುಹೋಗುತ್ತದೆ.

ಹೊರಗಿನವರ ಎದುರು ಮುಖ್ಯಸ್ಥರೂ ‘ನಮ್ಮವರು’. ನಮ್ಮವರನ್ನು ನಾವೇ ಹೊಗಳಿ ಏರಿಸಬಾರದೆಂಬುದು ನಿಯಮ. ‘ನಮ್ಮ ಸಾಹೇಬರು ಬರ್ತಾರೆ’ ಎಂದು ಯಾರೆದುರಿಗೂ ಹೇಳುವ ಕನ್ನಡಿಗರಿಗೆ ಇದು ಒಗ್ಗಲು ಸಮಯ ಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಗ್ರಾಹಕರನ್ನು ‘ಕಡತ ನೋಡಿದಿರಾ?’ ಎಂದು ಕೇಳಲು ‘ಹೈಕೆನ್ ಸರೆಮಾಶಿತಾ ಕಾ’ ಎನ್ನುವವರಿದ್ದಾರೆ. ಕೇಳಲು ಬಲು ವಿನಯ. ಆದರೆ ‘ಹೈಕೆನ್’ ತಾನು ತಗ್ಗಿ ನೋಡುವುದು. ಅದನ್ನು ಗ್ರಾಹಕರಿಗೆ ಅಂಟಿಸಿದರೆ ತಗ್ಗುವವರು ಅವರೇ. ಸರಿಯಾದದ್ದು ‘ಗೋರಾನ್ ನಿ ನಾರಿಮಾಶಿತಾ ಕಾ’.

ಆದ್ದರಿಂದ ಅಭ್ಯಾಸಕ್ಕೆ ಕೂತಾಗ ಕ್ರಿಯಾಪದದ ಪಟ್ಟಿ ತೆರೆಯುವ ಮುನ್ನ ಎರಡನ್ನು ಅಂಚಿನಲ್ಲಿ ಬರೆದುಕೊಳ್ಳಿ: ಕೆಲಸ ಮಾಡುತ್ತಿರುವವರು ಯಾರ ಕಡೆಯವರು, ಕೇಳುತ್ತಿರುವವರು ಯಾರ ಕಡೆಯವರು.