ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು ಎಂಬ ಮಾತು ನಮ್ಮಲ್ಲಿ ಗಾದೆಯಾಗಿಯೇ ಉಳಿದಿದೆ. ಆದರೆ ಆಸ್ಟ್ರೇಲಿಯಾ ದೇಶದ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೆ ಈ ಗಾದೆ ಸಲ್ಲುವುದಿಲ್ಲ. ಅಲ್ಲಿ ಎಲ್ಲವನ್ನೂ ಹೇಳಿಕೊಂಡವನಿಗೆ ಸುಖ, ಬಚ್ಚಿಟ್ಟವನಿಗೆ ದುಃಖ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕಳೆದ ಬೇಸಿಗೆಯ ರಜೆಯಲ್ಲಿ ದೊಡ್ಡಮ್ಮನ ಜೊತೆ ಮೆಲ್ಬೋರ್ನ್ ನಗರಕ್ಕೆ ಹೋದಾಗ ಕಂಡು ತಿಳಿದದ್ದು. ಅಲ್ಲಿರುವ ಅಣ್ಣನಿಗೆ ಮಗು ಹುಟ್ಟಿತ್ತು. ದೊಡ್ಡಮ್ಮನಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಟಿಕೇಟಿನ ಖರ್ಚು ಅಣ್ಣನದು, ಕಾರ್ಡು ತುಂಬುವ ಕೆಲಸ ನನ್ನದು ಎಂದು ಒಪ್ಪಂದವಾಯಿತು.

ವಿಮಾನ ಇಳಿಯುವುದಕ್ಕೆ ಮುಂಚೆ ಪರಿಚಾರಿಕೆಯರು ಪ್ರತಿಯೊಬ್ಬರಿಗೂ ಒಂದು ಉದ್ದನೆಯ ಕಾರ್ಡನ್ನು ಕೊಡುತ್ತಾರೆ. ಕೆಲವು ವಿಮಾನಗಳಲ್ಲಿ ಇದೇ ಪ್ರಶ್ನೆಗಳಿಗೆ ಮೊಬೈಲಿನಲ್ಲಿ ಉತ್ತರಿಸುವ ಏರ್ಪಾಡನ್ನು 2024ರಲ್ಲಿ ಪರೀಕ್ಷಾರ್ಥವಾಗಿ ಆರಂಭಿಸಿದರು. ನಮಗೆ ಸಿಕ್ಕಿದ್ದು ಕಾಗದದ್ದು. ಅದನ್ನು ನೀಲಿ ಅಥವಾ ಕಪ್ಪು ಶಾಯಿಯ ಪೆನ್ನಿನಿಂದ, ಇಂಗ್ಲಿಷಿನಲ್ಲಿ, ದೊಡ್ಡಕ್ಷರಗಳಲ್ಲಿ ತುಂಬಬೇಕು. ಪೆನ್ನನ್ನು ಯಾರೂ ಕೊಡುವುದಿಲ್ಲ. ಮುನ್ನೂರು ಪ್ರಯಾಣಿಕರ ನಡುವೆ ನಾಲ್ಕು ಪೆನ್ನುಗಳು ಓಡಾಡುವುದನ್ನು ನೋಡಿದೆ. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಬೇಕು. ಉಳಿದುಕೊಳ್ಳುವ ವಿಳಾಸ ಪೂರ್ತಿಯಾಗಿರಬೇಕು. ‘ಮಗನ ಮನೆ, ಮೆಲ್ಬೋರ್ನ್’ ಎಂದರೆ ಸಾಲದು. ಇವೆಲ್ಲ ಸುಲಭ. ಒಂದು ಕಡೆ ಮಾತ್ರ ಬಹಳ ಮಂದಿ ಎಡವುತ್ತಾರೆ. ಈ ವಿಮಾನವನ್ನು ಯಾವ ದೇಶದಲ್ಲಿ ಹತ್ತಿದಿರಿ ಎಂದು ಒಂದು ಪ್ರಶ್ನೆಯಿದೆ. ನಾವು ಬೆಂಗಳೂರಿನಿಂದ ಹೊರಟು ಸಿಂಗಪುರದಲ್ಲಿ ವಿಮಾನ ಬದಲಾಯಿಸಿದ್ದೆವು. ಕೇಳುತ್ತಿರುವುದು ನೀವು ಕುಳಿತಿರುವ ಈ ವಿಮಾನದ ವಿಷಯ; ಆದ್ದರಿಂದ ಉತ್ತರ ಸಿಂಗಪುರ, ಭಾರತವಲ್ಲ.

ಕಾರ್ಡಿನ ಜೀವಾಳವೆಲ್ಲ ‘ನೀವು ಆಸ್ಟ್ರೇಲಿಯಾಕ್ಕೆ ಇವನ್ನು ತರುತ್ತಿದ್ದೀರಾ?’ ಎಂಬ ಪ್ರಶ್ನೆಮಾಲೆಯಲ್ಲಿದೆ. ಪ್ರತಿಯೊಂದರ ಎದುರಿಗೂ ಹೌದು, ಇಲ್ಲ ಎಂಬ ಎರಡು ಚೌಕಗಳು. ಒಂದರಲ್ಲಿ ಗುಣಾಕಾರದ ಗುರುತು ಹಾಕಬೇಕು. ಯಾವುದನ್ನೂ ಖಾಲಿ ಬಿಡುವಂತಿಲ್ಲ. ಸಂದೇಹವಿದ್ದರೆ ‘ಹೌದು’ ಎನ್ನಿ ಎಂದು ಕಾರ್ಡಿನ ಮೇಲೆಯೇ ಅಚ್ಚು ಹಾಕಿದ್ದಾರೆ. ಇದನ್ನು ನಾನು ಓದಿ ಹೇಳಿದಾಗ ದೊಡ್ಡಮ್ಮನಿಗೆ ನಂಬಿಕೆ ಬರಲಿಲ್ಲ.

“ಅಲ್ಲ ಮಾರಾಯ, ತಿಂಡಿ ಇದೆ ಅಂತ ನಾವೇ ಬರೆದು ಕೊಟ್ಟರೆ ಅವರು ಕಿತ್ತುಕೊಳ್ಳದೆ ಬಿಡ್ತಾರಾ? ಸುಮ್ಮನೆ ಇಲ್ಲ ಅಂತ ಬರಿ.”

ದೊಡ್ಡಮ್ಮನ ಈ ಎಣಿಕೆಯೇ ನಮ್ಮವರಲ್ಲಿ ಅನೇಕರದು. ಘೋಷಿಸಬೇಕಾದ ವಸ್ತು ಎಂದರೆ ನಿಷಿದ್ಧ ವಸ್ತು ಎಂದೇ ಅವರು ತಿಳಿಯುತ್ತಾರೆ. ಅದು ಸರಿಯಲ್ಲ. ಘೋಷಿಸುವುದೆಂದರೆ ‘ಇದನ್ನು ನೋಡಿ ತೀರ್ಮಾನಿಸಿ’ ಎಂದು ಅಧಿಕಾರಿಯ ಮುಂದಿಡುವುದು, ಅಷ್ಟೆ. ಅವನು ನೋಡಿ ಹಿಂದಕ್ಕೆ ಕೊಡಬಹುದು, ಇಲ್ಲವೆ ಇಟ್ಟುಕೊಂಡು ನಾಶಮಾಡಬಹುದು. ನಿಜವನ್ನು ಬರೆದಿದ್ದರೆ, ತಂದ ವಸ್ತು ನಿಷಿದ್ಧವಾಗಿದ್ದರೂ ಅದಕ್ಕಾಗಿ ದಂಡ ಹಾಕುವುದಿಲ್ಲ. ‘ಇಲ್ಲ’ ಎಂದು ಬರೆದು ಕೆಳಗೆ ಸಹಿ ಹಾಕಿದ ಮೇಲೆ ಅದೇ ವಸ್ತು ಸಿಕ್ಕಿದರೆ ಅಪರಾಧ ವಸ್ತುವಿನದಲ್ಲ, ಸಹಿಯದು. 2022ರಲ್ಲಿ ಬಾಲಿ ದ್ವೀಪದಿಂದ ಡಾರ್ವಿನ್ ನಗರಕ್ಕೆ ಬಂದ ಒಬ್ಬ ಪ್ರಯಾಣಿಕ, ಮೊಟ್ಟೆ ಮಾಂಸ ತುಂಬಿದ ಎರಡು ಬನ್ನುಗಳನ್ನು ಹೇಳದೆ ತಂದು, ವಾಸನೆ ಹಿಡಿಯುವ ನಾಯಿಗೆ ಸಿಕ್ಕಿಬಿದ್ದು 2,664 ಡಾಲರು ದಂಡ ತೆತ್ತ. ದಂಡದ ಮಿತಿಯನ್ನು ಆಮೇಲೆ ಇನ್ನೂ ಹೆಚ್ಚಿಸಿದ್ದಾರೆ. 2019ರಲ್ಲಿ ಸಿಡ್ನಿಯಲ್ಲಿ ಇಳಿದ ವಿಯೆಟ್ನಾಮಿನ ಮಹಿಳೆಯೊಬ್ಬಳು ಹಂದಿಮಾಂಸ ಮೊದಲಾದ ಹತ್ತು ಕಿಲೋದಷ್ಟು ಆಹಾರವನ್ನು ಮುಚ್ಚಿಟ್ಟದ್ದಕ್ಕೆ ಅವಳ ವೀಸಾವನ್ನೇ ರದ್ದುಮಾಡಿ ಹಿಂದಕ್ಕೆ ಕಳುಹಿಸಿದರು. ಮೊಮ್ಮಗುವನ್ನು ನೋಡಲು ಹೋದವರು ನಿಲ್ದಾಣದಿಂದಲೇ ಹಿಂದಿರುಗುವುದು ಬೇಕೇ?

ತಿಂಡಿಯ ವಿಷಯದಲ್ಲಿ ಇಷ್ಟು ಬಿಗಿ ಏಕೆಂದು ಕೇಳಬಹುದು. ಕಾಲುಬಾಯಿ ಜ್ವರವೆಂದರೆ ದನ ಸಾಕಿದ ನಮ್ಮ ಹಳ್ಳಿಯವರಿಗೆ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ ಆ ರೋಗ ಕಡೆಯ ಸಲ ಕಾಣಿಸಿದ್ದು 1872ರಲ್ಲಿ. ಅದರ ವಿಷಾಣು ಹಾಲಿನಲ್ಲಿ, ಮಾಂಸದಲ್ಲಿ, ಚಪ್ಪಲಿಗೆ ಮೆತ್ತಿದ ಕೆಸರಿನಲ್ಲಿ ಕುಳಿತು ದೂರ ಸಾಗಬಲ್ಲದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಾರ್ಡಿನ ಪ್ರಶ್ನೆಗಳು ಒಂದೊಂದಾಗಿ ಅರ್ಥವಾಗುತ್ತವೆ. ಮಾಂಸ, ಮೊಟ್ಟೆ, ಹಾಲಿನ ಪದಾರ್ಥ, ಹಣ್ಣು, ತರಕಾರಿ ಒಂದು ಪ್ರಶ್ನೆ. ಧಾನ್ಯ, ಬೀಜ, ಗಿಡಮೂಲಿಕೆ, ಮರದ ಸಾಮಾನು ಇನ್ನೊಂದು. ಚಿಪ್ಪು, ಜೇನುತುಪ್ಪಗಳಂಥ ಪ್ರಾಣಿಜನ್ಯ ವಸ್ತು ಮತ್ತೊಂದು. ಮಣ್ಣು ಮೆತ್ತಿದ ವಸ್ತು ಮಗದೊಂದು. ವಿಮಾನದಲ್ಲಿ ಕೊಟ್ಟ ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡರೂ ಅದು ಹಣ್ಣೇ.

ದೊಡ್ಡಮ್ಮನ ಪೆಟ್ಟಿಗೆಯನ್ನೇ ನೋಡೋಣ. ಅಂಗಡಿಯ ಮೊಹರಾದ ಸಾರಿನಪುಡಿ ಮತ್ತು ಮಾವಿನ ಉಪ್ಪಿನಕಾಯಿ, ಒಂದು ಡಬ್ಬಿ ಹಾಲಿನ ಪೇಡ, ಕರಿಬೇವಿನ ಸೊಪ್ಪು, ಹಿತ್ತಲಲ್ಲಿ ಹಾಕಲೆಂದು ಒಂದು ಹಿಡಿ ಅವರೆ ಬೀಜ, ತುಲಸಿ ಮಣಿಯ ಸರ, ರಕ್ತದೊತ್ತಡದ ಮಾತ್ರೆಗಳು. ಮೊದಲಿನ ಆರಕ್ಕೂ ಸೇರಿ ಆಹಾರದ ಪ್ರಶ್ನೆಗೂ ಬೀಜ-ಮರದ ಪ್ರಶ್ನೆಗೂ ‘ಹೌದು’ ಹಾಕಿದೆ. ಮಾತ್ರೆಗಳಿಗಾಗಿ ಔಷಧಿ, ಆಯುಧ ಮೊದಲಾದವನ್ನು ಒಟ್ಟಿಗೆ ಕೇಳುವ ಮೊದಲನೆಯ ಪ್ರಶ್ನೆಗೂ ‘ಹೌದು’. ಮೂರು ತಿಂಗಳಿಗೆ ಸಾಲುವಷ್ಟು ಔಷಧಿ, ಜೊತೆಗೆ ವೈದ್ಯರ ಚೀಟಿ ಇದ್ದರೆ ತೊಂದರೆಯಿಲ್ಲ.

ಎಲ್ಲರಿಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಪ್ರಶ್ನೆ: ಕಳೆದ 30 ದಿನಗಳಲ್ಲಿ ಹೊಲ, ತೋಟ, ಸಾಕುಪ್ರಾಣಿಗಳ ಬಳಿಗೆ ಹೋಗಿದ್ದೀರಾ? ಇದು ಪೆಟ್ಟಿಗೆಯಲ್ಲಿ ಏನಿದೆ ಎಂಬ ಪ್ರಶ್ನೆಯಲ್ಲ, ನೀವು ಎಲ್ಲಿ ನಿಂತಿದ್ದಿರಿ ಎಂಬ ಪ್ರಶ್ನೆ. ಪಟ್ಟಣದ ವಿದ್ಯಾವಂತರು ಕೂಡ ಊರಿಗೆ ಹೋಗಿ ಬಂದದ್ದನ್ನು ಮರೆತು ‘ಇಲ್ಲ’ ಎನ್ನುತ್ತಾರೆ. ಸಾಗರದ ಹತ್ತಿರದ ಅಡಿಕೆ ತೋಟದಲ್ಲಿರುವ ದೊಡ್ಡಮ್ಮ ಹೊರಡುವ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ತಡವಿ ಬಂದವರು. ‘ಹೌದು’ ಎಂದೇ ಹಾಕಿದೆ.

ಸುಂಕದ ಭಾಗ ಇದಕ್ಕಿಂತ ಸರಳ. ದೊಡ್ಡವರೊಬ್ಬರಿಗೆ 900 ಡಾಲರಿನವರೆಗೆ ಹೊಸ ಸಾಮಾನಿಗೆ ಸುಂಕವಿಲ್ಲ. ಉಡುಗೊರೆಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಮಗುವಿಗೆ ಮಾಡಿಸಿದ ಚಿನ್ನದ ಸರ ಅದಕ್ಕಿಂತ ಕಡಿಮೆ ಬೆಲೆಯದು, ರಸೀತಿಯೂ ಇತ್ತು, ಆದ್ದರಿಂದ ‘ಇಲ್ಲ’. ನಗದು ಹಣ ಎಲ್ಲ ದೇಶಗಳದ್ದೂ ಕೂಡಿ 10,000 ಡಾಲರು ಅಥವಾ ಹೆಚ್ಚಾದರೆ ಹೇಳಬೇಕು. ತರುವುದು ತಪ್ಪಲ್ಲ, ಹೇಳದಿರುವುದು ತಪ್ಪು.

ಪಾಸ್‌ಪೋರ್ಟು ನೋಡಿ ಮುಗಿದು ಪೆಟ್ಟಿಗೆ ತೆಗೆದುಕೊಂಡ ಮೇಲೆ ಒಬ್ಬ ಅಧಿಕಾರಿಣಿ ಕಾರ್ಡನ್ನು ಓದಿ, ಏನೇನಿದೆ ಎಂದು ಕೇಳಿದರು. ಹೇಳಿದೆ. ತಪ್ಪಿ ಬರೆದಿದ್ದರೆ ತಿದ್ದಿಕೊಳ್ಳಲು ಅದೇ ಕಡೆಯ ಅವಕಾಶ. ಅದಕ್ಕೂ ಮುಂಚೆ ದಾರಿಯಲ್ಲಿ, ಬೇಡವಾದದ್ದನ್ನು ಎಸೆಯಲು ತೊಟ್ಟಿಗಳೂ ಇವೆ. ನಮ್ಮನ್ನು ತಪಾಸಣೆಯ ಮೇಜಿನ ಕಡೆಗೆ ಕಳುಹಿಸಿದರು. ಸಾರಿನಪುಡಿ, ಉಪ್ಪಿನಕಾಯಿಗಳ ಚೀಟಿ ಓದಿ ಹಿಂದಕ್ಕೆ ಕೊಟ್ಟರು. ಮನೆಯಲ್ಲಿ ಕುಟ್ಟಿದ ಪುಡಿ ಎಷ್ಟೇ ರುಚಿಯಾಗಿದ್ದರೂ ಅವರ ಪಾಲಿಗೆ ಹೆಸರಿಲ್ಲದ ಪುಡಿ. ಅಂಗಡಿಯದನ್ನೇ ತನ್ನಿ ಎಂದು ಅಣ್ಣ ಬರೆದದ್ದು ಇದಕ್ಕೇ. ತುಲಸಿ ಸರದ ಮಣಿಗಳಲ್ಲಿ ಹುಳು ಕೊರೆದ ತೂತುಗಳಿವೆಯೇ ಎಂದು ನೋಡಿ ಅದನ್ನೂ ಕೊಟ್ಟರು. ಚಪ್ಪಲಿಯ ಅಡಿಯನ್ನು ತಿರುಗಿಸಿ ನೋಡಿದರು. ಹಿಂದಿನ ರಾತ್ರಿಯೇ ತಿಕ್ಕಿ ತೊಳೆದಿದ್ದೆ. ಮೊಳೆಯುವ ಶಕ್ತಿಯಿದ್ದ ಅವರೆ ಬೀಜ, ಹಸಿ ಕರಿಬೇವು, ಪೇಡ, ಈ ಮೂರು ಮಾತ್ರ ಹಿಂದಕ್ಕೆ ಬರಲಿಲ್ಲ. ದಂಡವೂ ಇಲ್ಲ, ಗದರಿಕೆಯೂ ಇಲ್ಲ. ಎಲ್ಲ ಸೇರಿ ಅರ್ಧ ಗಂಟೆ ಹಿಡಿದಿರಬೇಕು.

ಪೇಡದ ಡಬ್ಬಿ ತೊಟ್ಟಿಗೆ ಬೀಳುವಾಗ ದೊಡ್ಡಮ್ಮ ನನ್ನ ತೋಳು ಹಿಡಿದು, “ಬಿಸಾಕೋದಕ್ಕೆ ಮುಂಚೆ ಒಂದಾದರೂ ಬಾಯಿಗೆ ಹಾಕ್ಕೊಳ್ಳಿ ಅಂತ ಆ ಮಗೂಗೆ ಹೇಳೋ” ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸುವ ಧೈರ್ಯ ನನಗಾಗಲಿಲ್ಲ.