ಬಿಗಿಹಿಡಿದಷ್ಟೂ ಹರಡುವ ಅಲೆ

1926ರ ಮೇ ಕೊನೆಯಲ್ಲಿ ಹಾಲೆಂಡಿನ ಹಿರಿಯ ಭೌತವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್ ಅವರು ಜ್ಯೂರಿಕ್‌ನಲ್ಲಿದ್ದ ಎರ್ವಿನ್ ಶ್ರೋಡಿಂಗರ್‌ಗೆ ಒಂದು ದೀರ್ಘ ಪತ್ರ ಬರೆದರು. ಶ್ರೋಡಿಂಗರ್ ಆ ವರ್ಷವಷ್ಟೇ ತಮ್ಮ ಅಲೆಯ ಸಮೀಕರಣವನ್ನು ಪ್ರಕಟಿಸಿದ್ದರು. ಎಲೆಕ್ಟ್ರಾನ್ ಎಂದರೆ ಒಂದು ಪುಟ್ಟ ಜಾಗದಲ್ಲಿ ಒತ್ತೊತ್ತಾಗಿ ಸೇರಿದ ಅಲೆಗಳ ಗೊಂಚಲು ಎಂದು ತೋರಿಸುವುದು ಅವರ ಆಸೆ. ಅಂಥ ಗೊಂಚಲು ಬಹಳ ಹೊತ್ತು ಒಟ್ಟಾಗಿ ಉಳಿಯುವುದಿಲ್ಲ, ಹರಡಿಹೋಗುತ್ತದೆ ಎಂಬುದು 72 ವರ್ಷದ ಲೊರೆಂಟ್ಸ್ ಎತ್ತಿದ ಆಕ್ಷೇಪಗಳಲ್ಲೊಂದು. ಆ ಮಾತು ನಿಜವಾಗಿತ್ತು. ಏಕೆ ನಿಜ ಎಂದು ತಿಳಿಯಬೇಕಾದರೆ ಮೊದಲು ಸ್ವಲ್ಪ ನಾದದ ಕಡೆ ಕಿವಿಗೊಡಬೇಕು.

ತಂಬೂರಿ ಶ್ರುತಿ ಮಾಡುವವರು ತಂತಿ ಮೀಟಿದ ಕೂಡಲೇ ತೀರ್ಮಾನಕ್ಕೆ ಬರುವುದಿಲ್ಲ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 201 ಸಲ ಕಂಪಿಸುತ್ತಿದ್ದರೆ, ಎರಡೂ ಕೂಡಿದ ನಾದ ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಆ ಏರಿಳಿತ ಗೊತ್ತಾಗಲು ಸುಮಾರು ಒಂದು ಸೆಕೆಂಡಾದರೂ ಕೇಳಬೇಕು. ಚಪ್ಪಾಳೆಯಾದರೋ ಕ್ಷಣದಲ್ಲಿ ಮುಗಿಯುತ್ತದೆ. ಅದರ ಶ್ರುತಿ ಯಾವುದೆಂದು ಕೇಳಿದರೆ ಉತ್ತರವಿಲ್ಲ. ಇದು ಕಿವಿಯ ದೋಷವಲ್ಲ. ಚಪ್ಪಾಳೆಯಲ್ಲಿ ಅಸಂಖ್ಯ ಶ್ರುತಿಗಳು ನಿಜವಾಗಿಯೇ ಬೆರೆತಿವೆ. ಒಂದೇ ಸದ್ದನ್ನು ಎರಡು ಬಗೆಯಲ್ಲಿ ಬರೆದಿಡಬಹುದು: ಯಾವ ಗಳಿಗೆಯಲ್ಲಿ ಎಷ್ಟು ಸದ್ದಿತ್ತು ಎಂದು, ಇಲ್ಲವೇ ಯಾವ ಶ್ರುತಿ ಎಷ್ಟು ಬೆರೆತಿದೆ, ಒಂದಕ್ಕೊಂದು ಹೇಗೆ ಜೋಡಿಕೊಂಡಿದೆ ಎಂದು. ಒಂದು ಬರಹದಿಂದ ಇನ್ನೊಂದನ್ನು ಲೆಕ್ಕ ಹಾಕಿ ಪಡೆಯುವ ವಿಧಾನಕ್ಕೆ ಫೂರಿಯೇ ರೂಪಾಂತರ ಎಂದು ಹೆಸರು.

ಕ್ವಾಂಟಂ ಕಣಕ್ಕೂ ಹೀಗೆಯೇ ಎರಡು ಬರಹಗಳಿವೆ. ಒಂದು ಸ್ಥಾನದ್ದು: ಕಣ ಎಲ್ಲೆಲ್ಲಿ ಸಿಗುವ ಸಂಭವ ಎಷ್ಟೆಷ್ಟು ಎಂಬುದನ್ನು ಹೇಳುವ ಅಲೆ. ಇನ್ನೊಂದು ಸಂವೇಗದ್ದು. ಸಂವೇಗವೆಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ. ನಿರ್ದಿಷ್ಟ ಸಂವೇಗಕ್ಕೆ ನಿರ್ದಿಷ್ಟ ಉದ್ದದ ಅಲೆಯೊಂದು ಸಲ್ಲುತ್ತದೆ, ಸಂವೇಗ ಹೆಚ್ಚಿದಷ್ಟೂ ಅಲೆ ಗಿಡ್ಡ ಎಂಬುದು ಲೂಯಿ ದ ಬ್ರಾಯ್ ಕೊಟ್ಟ ಸೂತ್ರ. ಹಾಗಾಗಿ ಯಾವ ಸಂವೇಗ ಎಷ್ಟು ಎಂದರೆ ಯಾವ ಉದ್ದದ ಅಲೆ ಎಷ್ಟು ಬೆರೆತಿದೆ ಎಂದೇ ಅರ್ಥ. ಸದ್ದಿನಲ್ಲಿ ಗಳಿಗೆ ಮತ್ತು ಶ್ರುತಿಗಳ ನಡುವೆ ಇದ್ದ ನಂಟೇ ಇಲ್ಲಿ ಸ್ಥಾನ ಮತ್ತು ಸಂವೇಗಗಳ ನಡುವೆ ಇದೆ.

ಈಗ ಎಲೆಕ್ಟ್ರಾನನ್ನು ಒಂದು ಕಿರಿದಾದ ಜಾಗದಲ್ಲಿ ಕೂರಿಸಬೇಕು ಎನ್ನೋಣ. ಒಂದೇ ಉದ್ದದ ಅಲೆಗೆ ಕೊನೆಮೊದಲಿಲ್ಲ. ಅದು ಎಲ್ಲೆಡೆ ಹಬ್ಬಿರುತ್ತದೆ. ಬೇರೆ ಬೇರೆ ಉದ್ದದ ಅಲೆಗಳನ್ನು ಕೂಡಿಸಿ, ಅವುಗಳ ಏರುಗಳೆಲ್ಲ ಒಂದೇ ಜಾಗದಲ್ಲಿ ಸೇರುವಂತೆ ಮಾಡಿದರೆ ಅಲ್ಲಿ ಅಲೆ ಎದ್ದು ನಿಲ್ಲುತ್ತದೆ. ಆ ಜಾಗದಿಂದ ದೂರ ಸರಿದಂತೆ ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಎಲ್ಲವೂ ಅಳಿಯುತ್ತವೆ. ಅಲೆಗಳ ಉದ್ದಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅವು ಹೊಂದಿಕೆ ತಪ್ಪಲು ಬಹುದೂರ ಹೋಗಬೇಕು, ಗೊಂಚಲು ಅಗಲವಾಗುತ್ತದೆ. ಬೇಗ ಅಳಿಯಬೇಕೆಂದರೆ ಉದ್ದಗಳು ಬಹಳ ಬೇರೆಯಾಗಿರಬೇಕು. ಅಂದರೆ ಸ್ಥಾನದಲ್ಲಿ ಕಿರಿದಾಗಿಸಿದಷ್ಟೂ ಸಂವೇಗದ ಹರವಿಗೆ ಇರಲೇಬೇಕಾದ ಕನಿಷ್ಠ ಮಿತಿ ಹೆಚ್ಚುತ್ತದೆ. 1927ರಲ್ಲಿ ಹೈಸೆನ್‌ಬರ್ಗ್ ಹೇಳಿದ ಅನಿಶ್ಚಿತತೆಯ ತತ್ವದ ಬೇರು ಇದೇ. ಅದೇ ವರ್ಷ ಕೆನ್ನಾರ್ಡ್ ಅದನ್ನು ಖಚಿತ ರೂಪದಲ್ಲಿ ಸಾಧಿಸಿದರು: Δx·Δp ≥ ħ/2. ಇಲ್ಲಿ ħ ಎಂಬುದು ಪ್ಲಾಂಕ್ ಸ್ಥಿರಾಂಕವನ್ನು 2πಯಿಂದ ಭಾಗಿಸಿದ್ದು.

ಇದಕ್ಕೆ ಅಂಕಿ ಹಾಕಿ ನೋಡೋಣ. ಎಲೆಕ್ಟ್ರಾನಿನ ಗೊಂಚಲಿನ ಹರವು 0.1 ನ್ಯಾನೊಮೀಟರ್, ಹೆಚ್ಚುಕಡಿಮೆ ಒಂದು ಪರಮಾಣುವಿನಷ್ಟು ಇರಲಿ. ಎಲ್ಲಕ್ಕಿಂತ ಮಿತವಾದ, ಗಂಟೆಯಾಕಾರದ ಗೊಂಚಲಲ್ಲೂ ಆಗ ವೇಗದ ಹರವು ಸೆಕೆಂಡಿಗೆ ಸುಮಾರು 580 ಕಿಲೊಮೀಟರ್. ಗೊಂಚಲು ಒಟ್ಟಾರೆ ನಿಂತಲ್ಲೇ ನಿಂತಿದ್ದರೂ ಅದರೊಳಗಿನ ಕೆಲವು ಭಾಗಗಳು ಬಲಕ್ಕೆ, ಕೆಲವು ಎಡಕ್ಕೆ ಈ ವೇಗದಲ್ಲಿ ಹೊರಟಿವೆ. ತಡೆಯುವ ಬಲ ಯಾವುದೂ ಇಲ್ಲದಿದ್ದರೆ ಹರವು ಸೆಕೆಂಡಿನ ಕೋಟಿ ಕೋಟಿಯಲ್ಲೊಂದು ಭಾಗದ ಹತ್ತರಲ್ಲೊಂದರಷ್ಟು ಕಾಲದಲ್ಲಿ, ಅಂದರೆ 10⁻¹⁵ ಸೆಕೆಂಡಿನಲ್ಲಿ, ಸುಮಾರು ಆರು ಪಟ್ಟಾಗುತ್ತದೆ. ಒಂದು ಸೆಕೆಂಡಿನಲ್ಲಿ 580 ಕಿಲೊಮೀಟರ್ ಆಗುತ್ತದೆ. ಅದೇ ಎಲೆಕ್ಟ್ರಾನನ್ನು ಹತ್ತು ಪಟ್ಟು ಅಗಲದ ಗೊಂಚಲಾಗಿ ಬಿಟ್ಟಿದ್ದರೆ ಒಂದು ಸೆಕೆಂಡಿನ ಬಳಿಕ ಅದರ ಹರವು 58 ಕಿಲೊಮೀಟರ್ ಮಾತ್ರ. ಮೊದಲಲ್ಲಿ ಕಿರಿದಾಗಿದ್ದದ್ದೇ ಕೊನೆಯಲ್ಲಿ ಹೆಚ್ಚು ಹರಡಿತು.

ಹೀಗೆ ಹರಡುವುದು ಎಲೆಕ್ಟ್ರಾನ್ ಪುಡಿಯಾಗಿ ಚದುರಿದಂತೆ ಅಲ್ಲ. ಹಿಡಿಯಲು ಹೋದರೆ ಅದು ಒಂದೇ ಕಡೆ, ಇಡಿಯಾಗಿ ಸಿಗುತ್ತದೆ. ಒಂದೇ ರೀತಿ ಸಿದ್ಧಪಡಿಸಿದ ಸಾವಿರಾರು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಹಿಡಿದು ಗುರುತು ಹಾಕಿದಾಗ ಆ ಚುಕ್ಕೆಗಳ ಹರವಿನಲ್ಲಿ ಅಲೆಯ ಆಕಾರ ಮೂಡುತ್ತದೆ. 1926ರಲ್ಲೇ ಮ್ಯಾಕ್ಸ್ ಬಾರ್ನ್ ಕೊಟ್ಟ ವಿವರಣೆ ಇದು.

ಇನ್ನೂ ಸೋಜಿಗದ ಸಂಗತಿ ಸಂವೇಗದ ಬರಹದಲ್ಲಿದೆ. ಗೊಂಚಲು ನೂರಾರು ಕಿಲೊಮೀಟರ್ ಹರಡಿದರೂ, ಯಾವ ಸಂವೇಗ ಎಷ್ಟು ಪ್ರಮಾಣದಲ್ಲಿದೆ ಎಂಬ ಲೆಕ್ಕ ಕಿಂಚಿತ್ತೂ ಬದಲಾಗಿರುವುದಿಲ್ಲ. ಬಲವೇ ಇಲ್ಲದ ಕಡೆ ಸಂವೇಗ ಬದಲಾಗಲು ಕಾರಣವೂ ಇಲ್ಲ. ಬದಲಾದದ್ದು ಅಲೆಗಳ ಪರಸ್ಪರ ಹೊಂದಿಕೆ ಮಾತ್ರ. ಮೊದಲು ಒಂದೇ ಜಾಗದಲ್ಲಿ ಸೇರಿದ್ದ ಏರುಗಳು ಈಗ ಬೇರೆ ಬೇರೆ ಕಡೆ ಸೇರುತ್ತವೆ. ವೇಗದವು ಮುಂದೆ, ನಿಧಾನದವು ಹಿಂದೆ. ಬಹಳ ಕಾಲ ಕಳೆದ ಮೇಲೆ ಸ್ಥಾನದ ಚಿತ್ರವೇ ಸಂವೇಗದ ಚಿತ್ರವಾಗಿಬಿಡುತ್ತದೆ. ಯಾವ ಕಣ ಎಷ್ಟು ದೂರ ಸಿಕ್ಕಿತು ಎಂದು ಅಳೆದು, ಕಾಲದಿಂದ ಭಾಗಿಸಿದರೆ ವೇಗ ತಿಳಿಯುತ್ತದೆ. ಅತಿ ತಣ್ಣಗಿನ ಪರಮಾಣುಗಳನ್ನು ಅಭ್ಯಸಿಸುವ ಪ್ರಯೋಗಾಲಯಗಳಲ್ಲಿ ಪರಮಾಣುಗಳ ಮೋಡವನ್ನು ಬಂಧನದಿಂದ ಬಿಟ್ಟು, ಹರಡಲು ಬಿಟ್ಟು, ಚಿತ್ರ ತೆಗೆದು ಸಂವೇಗ ಓದುವುದು ಈ ನಂಟನ್ನು ನಂಬಿಯೇ. ಹಾಗೆಯೇ, ವೇಗದ ಭಾಗ ಹಿಂದೆ, ನಿಧಾನದ ಭಾಗ ಮುಂದೆ ಇರುವಂತೆ ಹೊಂದಿಸಿ ಬಿಟ್ಟರೆ ಗೊಂಚಲು ಮೊದಲು ಕುಗ್ಗಿ, ಆಮೇಲೆ ಹರಡುತ್ತದೆ.

ಹರಡಲು ಹಲವು ಸಂವೇಗಗಳಿದ್ದರಷ್ಟೇ ಸಾಲದು, ಅವುಗಳ ವೇಗವೂ ಬೇರೆಯಾಗಿರಬೇಕು. ನಿರ್ವಾತದಲ್ಲಿ ಎಲ್ಲ ಉದ್ದದ ಬೆಳಕಿನ ಅಲೆಗಳಿಗೂ ಒಂದೇ ವೇಗ, ಆದ್ದರಿಂದ ನೇರ ಸಾಗುವ ಬೆಳಕಿನ ಮಿಡಿತ ಉದ್ದಕ್ಕೆ ಹಿಗ್ಗುವುದಿಲ್ಲ. ದ್ರವ್ಯರಾಶಿ ಹೆಚ್ಚಾದಾಗ ಸಂವೇಗದ ಹರವು ಇದ್ದರೂ ವೇಗದ ಹರವು ಕಿರಿದಾಗುತ್ತದೆ. ಮೈಕ್ರೊಗ್ರಾಂ ತೂಕದ ದೂಳಿನ ಕಣವನ್ನು ಒಂದು ಮೈಕ್ರೊಮೀಟರಿನ ಹರವಿನಲ್ಲಿಟ್ಟರೆ, ಆ ಹರವು ಒಂದೂವರೆ ಪಟ್ಟಿನ ಹತ್ತಿರ ಬರಲು ಸುಮಾರು ಆರು ಲಕ್ಷ ವರ್ಷ ಬೇಕು.

ಲೊರೆಂಟ್ಸ್‌ಗೆ ಉತ್ತರಿಸುವಾಗ ಶ್ರೋಡಿಂಗರ್ ಹರಡದೇ ಉಳಿಯುವ ಒಂದು ಗೊಂಚಲನ್ನು ಕಂಡುಕೊಂಡಿದ್ದರು. ಅದು ಸ್ಪ್ರಿಂಗಿಗೆ ಕಟ್ಟಿದಂತೆ ಆಚೀಚೆ ತೂಗುವ ಕಣದ್ದು. ಅಲ್ಲಿ ಹೆಚ್ಚು ವೇಗದ ಭಾಗ ಹೆಚ್ಚು ದೂರ ಹೋದರೂ, ಕಡಿಮೆ ವೇಗದ್ದು ಕಡಿಮೆ ದೂರ ಹೋದರೂ, ಮರಳಲು ಹಿಡಿಯುವ ಕಾಲ ಒಂದೇ. ಪರಮಾಣುವಿನೊಳಗೂ ಹಾಗೆಯೇ ಆದೀತು ಎಂದು ಅವರು ನಂಬಿದ್ದರು. ಆದರೆ ಅಲ್ಲಿನ ಸೆಳೆತ ಸ್ಪ್ರಿಂಗಿನದಲ್ಲ. ಸುತ್ತುವ ಗೊಂಚಲು ಅಲ್ಲಿ ಕ್ರಮೇಣ ಹರಡುತ್ತದೆ.

ಹಾಗಾದರೆ ಜಲಜನಕದ ಪರಮಾಣುವಿನ ಎಲೆಕ್ಟ್ರಾನ್ ಚದುರಿಹೋಗದೆ ಹೇಗೆ ಉಳಿದಿದೆ? ಅದರ ಅಲೆಯನ್ನು ಪ್ರೋಟಾನಿನ ಸೆಳೆತ ಒಳಕ್ಕೆ ಎಳೆಯುತ್ತದೆ. ಎಳೆದು ಕಿರಿದಾಗಿಸಿದಷ್ಟೂ ಸಂವೇಗದ ಹರವು ಬೆಳೆದು ಅದು ಹೊರಕ್ಕೆ ಹಿಗ್ಗಲು ನೋಡುತ್ತದೆ. ಇವೆರಡೂ ಸರಿದೂಗುವ ಗಾತ್ರ ಸುಮಾರು 0.05 ನ್ಯಾನೊಮೀಟರ್. ಪರಮಾಣುವಿನ ಅಳತೆ ಅಷ್ಟೇ. ಗೊಂಚಲನ್ನು ಹರಡಿಸುವ ಆ ನಂಟೇ ಪರಮಾಣುವಿನ ಗಾತ್ರವನ್ನೂ ನಿಗದಿ ಮಾಡಿದೆ.